ಒಂದೇ ಮನೆ, ಒಂದೇ ಬೋರ್‌ವೆಲ್, ಬೇರೆ ಬೇರೆ ಕಲೆ

ಕೊಪ್ಪಳದಲ್ಲಿ ಹಲ್ಲಿನ ದವಾಖಾನೆ ನಡೆಸುವವರಿಗೆ ಒಂದು ಕೆಟ್ಟ ಚಾಳಿ ಬೀಳುತ್ತದೆ. ಕಂದು ಹಲ್ಲು ಕಂಡ ಕೂಡಲೇ ಬಾಯಲ್ಲಿ ಬರುವುದು 'ಫ್ಲೋರೈಡ್ ನೀರು'. ಹತ್ತರಲ್ಲಿ ಎಂಟು ಸಲ ಅದು ಸರಿಯೂ ಇರುತ್ತದೆ ಅನ್ನಿ. ನಾನು ಎಡವಿದ್ದು ಉಳಿದ ಎರಡರಲ್ಲಿ.

ಕುಷ್ಟಗಿ ಕಡೆಯ ಒಬ್ಬ ತಾಯಿ ಎಂಟು ವರ್ಷದ ಮಗನನ್ನು ಕರೆತಂದಿದ್ದರು. ಮೇಲಿನ ಒಂದು ಮುಂದಿನ ಹಲ್ಲಿನಲ್ಲಿ ಕೆನೆ ಬಣ್ಣದ ಮಚ್ಚೆ, ಕೆಳಗೆ ಬಲಗಡೆಯ ದವಡೆ ಹಲ್ಲಿನಲ್ಲಿ ಹಳದಿ-ಕಂದು ಕಲೆ. 'ತಣ್ಣೀರು ಕುಡಿಯಾಕ ಒಲ್ಲ ಅಂತಾನ್ರಿ, ಬ್ರಷ್ ಮಾಡಂದ್ರ ಅಳ್ತಾನ' ಅಂದರು. ಊರಿನ ಹೆಸರು ಕೇಳಿದೆ, ಬೋರ್‌ವೆಲ್ ನೀರು ಅಂತ ಗೊತ್ತಾಯಿತು. ಫ್ಲೋರೋಸಿಸ್, ಅಂದರೆ ಫ್ಲೋರೈಡ್ ನೀರಿನ ಕಲೆ, ಏನೂ ಆಗಲ್ಲ ಅಂತ ಹೇಳಿ ಕಳಿಸಿದೆ. ಆರು ತಿಂಗಳಿಗೆ ಮತ್ತೆ ಬಂದರು. ರೊಟ್ಟಿ ಕಡಿಯುವಾಗ ಅದೇ ದವಡೆ ಹಲ್ಲಿನ ಒಂದು ಮೂಲೆ ಉದುರಿಹೋಗಿತ್ತು.

ಆ ದಿನ ಹುಡುಗನ ಜೊತೆ ಹನ್ನೊಂದು ವರ್ಷದ ಅಕ್ಕನೂ ಬಂದಿದ್ದಳು. ಅವಳ ಬಾಯಿ ನೋಡಿದ ಮೇಲೆ ನನ್ನ ತಪ್ಪು ಅರ್ಥವಾಯಿತು.

ಅವಳದು ನಿಜವಾದ ಫ್ಲೋರೋಸಿಸ್. ಹಲ್ಲಿನ ಮೇಲೆ ಅಡ್ಡಕ್ಕೆ ಸೀಮೆಸುಣ್ಣದಿಂದ ಗೀಚಿದಂತೆ ಸಣ್ಣ ಬಿಳಿ ಗೆರೆಗಳು. ಗೆರೆ ಎಲ್ಲಿ ಶುರು, ಎಲ್ಲಿ ಮುಗಿಯಿತು ಅಂತ ಹೇಳಲಾಗುವುದಿಲ್ಲ, ಮಂಜಿನಂತೆ ಕರಗಿಹೋಗುತ್ತವೆ. ಬಲಗಡೆಯ ಹಲ್ಲಿನಲ್ಲಿ ಇದ್ದದ್ದು ಎಡಗಡೆಯ ಜೋಡಿಯಲ್ಲೂ ಹಾಗೇ ಇದೆ. ನೀರು ಇಡೀ ಮೈಗೆ ಹೋಗುತ್ತದಲ್ವಾ, ಒಂದೇ ಹೊತ್ತಿಗೆ ತಯಾರಾಗುವ ಜೋಡಿ ಹಲ್ಲುಗಳಲ್ಲಿ ಒಂದನ್ನು ಬಿಟ್ಟು ಇನ್ನೊಂದನ್ನು ಹಿಡಿಯುವುದಿಲ್ಲ. ಕಂದು ಬಣ್ಣ ಹಲ್ಲು ಹುಟ್ಟಿದ ಮೇಲೆ ನಿಧಾನಕ್ಕೆ ಏರಿದ್ದು. ಗುಂಡು ತುದಿಯ ಪ್ರೋಬ್ ಜಾರಿಸಿ ನೋಡಿದರೆ ಹಲ್ಲು ಗಟ್ಟಿ, ನೋವೂ ಇಲ್ಲ.

ತಮ್ಮನದು ಹಾಗಲ್ಲ. ಮಚ್ಚೆಗೆ ನಕ್ಷೆಯಲ್ಲಿ ಗಡಿ ಎಳೆದ ಹಾಗೆ ಸ್ಪಷ್ಟ ಅಂಚು. ಮುಂದಿನ ಒಂದು ಹಲ್ಲಿನಲ್ಲಿದೆ, ಪಕ್ಕದ ಜೋಡಿಯಲ್ಲಿ ಇಲ್ಲ. ಆರನೇ ವರ್ಷಕ್ಕೆ ಬರುವ ದವಡೆ ಹಲ್ಲು ಮತ್ತು ಮುಂದಿನ ಹಲ್ಲು, ಇವೆರಡನ್ನೇ ಹಿಡಿಯುವ ದೋಷ ಇದು, ಹಲ್ಲಿನ ಗಟ್ಟಿ ಹೊರಪದರವಾದ ಎನಾಮಲ್‌ನದು. ಎಂಐಹೆಚ್ ಅನ್ನುತ್ತೇವೆ. ಆ ಜಾಗದ ಎನಾಮಲ್ ಮೆತ್ತಗೆ, ರಂಧ್ರಮಯ. ಅದಕ್ಕೇ ತಣ್ಣೀರು ಜುಮ್ಮೆನ್ನುತ್ತದೆ, ಅಗಿದರೆ ಉದುರುತ್ತದೆ. ಕಾರಣ ಇಂಥದ್ದೇ ಒಂದು ಅಂತ ಹೇಳಲಾಗುವುದಿಲ್ಲ. ಚಿಕ್ಕಂದಿನ ಕಾಯಿಲೆಗಳ ಜೊತೆ ನಂಟು ಕಂಡುಬಂದಿದೆ, ಅಷ್ಟೇ.

ಆಮೇಲೆ ನಾನು ಮೊದಲೇ ಕೇಳಬೇಕಿದ್ದ ಪ್ರಶ್ನೆ ಕೇಳಿದೆ: 'ಇವನು ಹುಟ್ಟಿದಾಗ ಎಲ್ಲಿದ್ರಿ?'

'ಮಂಗಳೂರಾಗ್ರಿ, ಕಟ್ಟಡ ಕೆಲಸಕ್ಕ ಹೋಗಿದ್ವಿ. ಇವಗ ನಾಲ್ಕು ತುಂಬಿದ ಮ್ಯಾಲೆ ಊರಿಗೆ ಬಂದ್ವಿ. ಮಗಳು ಅವರಜ್ಜಿ ಹಂತ್ಯಾಕ ಇದ್ಲು.'

ಈ ಹಲ್ಲುಗಳ ಎನಾಮಲ್ ಬಹುಪಾಲು ತಯಾರಾಗುವುದು ಮೊದಲ ಮೂರು-ನಾಲ್ಕು ವರ್ಷದಲ್ಲಿ. ಆಗ ಹುಡುಗ ನಮ್ಮ ನೀರು ಕುಡಿದೇ ಇರಲಿಲ್ಲ!

ಅವನ ಬಾಯಲ್ಲಿ ಮೂರನೇ ಬಗೆಯ ಕಲೆಯೂ ಇತ್ತು. ಹಾಲು ದವಡೆ ಹಲ್ಲಿನ ಬುಡದಲ್ಲಿ, ಒಸಡಿಗೆ ತಾಗಿ, ಅರ್ಧಚಂದ್ರದಂಥ ಬಿಳಿ ಪಟ್ಟಿ. ಮೇಲೆ ಕೂತಿದ್ದ ಪಾಚಿ ಒರೆಸಿ, ಗಾಳಿ ಹಾಯಿಸಿ ಒಣಗಿಸಿದೆ. ಹೊಳಪಿಲ್ಲ, ಒರಟು. ಅದು ಹುಳುಕಿನ ಶುರು. ಹುಳುಕು ಹುಟ್ಟುವುದು ಪಾಚಿ ನಿಲ್ಲುವ ಕಡೆ: ಒಸಡಿನಂಚು, ಹಲ್ಲಿನ ಸಂದು, ಗುಳಿ. ಮೊನಚು ಪ್ರೋಬ್‌ನಿಂದ ಚುಚ್ಚಿ ನೋಡಬಾರದು, ಮೆತ್ತಗಾದ ಪದರ ಕುಸಿಯುತ್ತದೆ.

ಒಡೆದ ಹಲ್ಲಿಗೆ ಮೊದಲು ಗ್ಲಾಸ್ ಅಯಾನಮರ್ ಅನ್ನುವ ಸಿಮೆಂಟ್ ತುಂಬಿದೆ, ಆಮೇಲೆ ಸ್ಟೀಲ್ ಕ್ಯಾಪ್ ಕೂರಿಸಿದೆ. ಇಂಥ ಹಲ್ಲಿಗೆ ಜೋಮು ಸೂಜಿ ಸುಲಭಕ್ಕೆ ಹಿಡಿಯುವುದಿಲ್ಲ, ಎರಡನೇ ಸಲ ಕೊಡಬೇಕಾಯಿತು. ಹುಳುಕಿನ ಬಿಳಿ ಪಟ್ಟಿಗೆ ಫ್ಲೋರೈಡ್ ವಾರ್ನಿಷ್ ತೆಗೆದಾಗ ತಂದೆ ತಡೆದರು. 'ಫ್ಲೋರೈಡಿಂದಲೇ ಮಗಳ ಹಲ್ಲು ಕೆಟ್ಟಾವಂತೀರಿ, ಮತ್ತ ಅದನ್ನ ಹಚ್ಚತೀರಿ?' ನ್ಯಾಯವಾದ ಪ್ರಶ್ನೆಯೇ. ಮಗಳ ಹಲ್ಲು ಕೆಟ್ಟಿದ್ದು ಒಸಡಿನೊಳಗೆ ತಯಾರಾಗುತ್ತಿದ್ದಾಗ, ದಿನಾ ಕುಡಿದ ನೀರಿನಿಂದ. ವಾರ್ನಿಷ್ ಹುಟ್ಟಿದ ಹಲ್ಲಿನ ಮೇಲೆ ವರ್ಷಕ್ಕೆ ಕೆಲವೇ ಸಲ, ಹನಿಯಷ್ಟು.

ಅಕ್ಕನ ಕಲೆಗೆ ಅವಸರವಿಲ್ಲ ಅಂದೆ. ಮೇಲ್ಪದರದ ಕಂದು ಬಣ್ಣವನ್ನು ಆಮ್ಲದ ಪೇಸ್ಟ್‌ನಿಂದ ತೆಳುವಾಗಿ ಉಜ್ಜಿ ತೆಗೆಯಬಹುದು. ಆಳದ ಬಿಳುಪು ಪೂರ್ತಿ ಹೋಗುವುದಿಲ್ಲ.

ತಾಯಿಯ ಮಡಿಲಲ್ಲಿ ಒಂದೂವರೆ ವರ್ಷದ ಕೂಸಿತ್ತು. 'ಇದರ ಹಲ್ಲು ಬೆಳ್ಳಗದಾವಲ್ರಿ?' ಅಂದರು. ಹಾಲು ಹಲ್ಲಿನಲ್ಲಿ ಫ್ಲೋರೋಸಿಸ್ ಕಾಣುವುದು ಕಡಿಮೆ. ಏಳನೇ ವರ್ಷಕ್ಕೆ ಬರುವ ಮುಂದಿನ ಹಲ್ಲು ಈಗ ಒಳಗೆ ತಯಾರಾಗುತ್ತಿದೆ ಅಂದೆ. 'ಹಂಗಾದ್ರ ನೀರು ಕಾಸಿ ಕುಡಸ್ತೀನ್ರಿ' ಅಂದರು. ಕಾಸಿದರೆ ಫ್ಲೋರೈಡ್ ಹೋಗಲ್ಲ, ನೀರು ಆವಿಯಾಗಿ ಉಳಿದದ್ದರಲ್ಲಿ ಇನ್ನೂ ಗಟ್ಟಿಯಾಗುತ್ತದೆ. ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 1.5ರ ತನಕ. ಮೊದಲು ಪರೀಕ್ಷೆ ಮಾಡಿಸಿ, ಅಲ್ಲಿಯವರೆಗೆ ಕೂಸಿಗೆ ಆರ್‌ಓ ಘಟಕದ ನೀರು ಕೊಡಿ ಅಂದೆ. ತಂದೆ ಮರುವಾರವೇ ಪ್ಲಾಸ್ಟಿಕ್ ಬಾಟಲಿಯಲ್ಲಿ ಬೋರಿನ ನೀರು ಹಿಡಿದು ಬಂದರು.