ಗ್ರೂಪಿಗೆ ಹಾಕುವ ಮುಂಚೆ ಅಡ್ಮಿನ್‌ಗೆ ಕೇಳುವುದು ಹೇಗೆ?

ನಮ್ಮ ಅಡಿಕೆ ಬೆಳೆಗಾರರ ವಾಟ್ಸ್‌ಆ್ಯಪ್ ಗ್ರೂಪಿಗೆ ನಾನೂ ಸೇರಿ ಮೂವರು ಅಡ್ಮಿನ್. ಮೇ ತಿಂಗಳು ಬಂತೆಂದರೆ ತೋಟದಲ್ಲಿ ಕೊಳೆ ಔಷಧಿ ಹೊಡೆಯುವ ತಯಾರಿ ಶುರುವಾಗುತ್ತದೆ. ನನ್ನ ಮೊಬೈಲಿಗೆ ಒಂದೇ ಥರದ ಮೆಸೇಜುಗಳು ಬರುವುದೂ ಶುರುವಾಗುತ್ತದೆ. "ಸರ್, ಒಂದು ಉಪಯುಕ್ತ ಮಾಹಿತಿ ಇದೆ, ಗ್ರೂಪಲ್ಲಿ ಹಾಕಬಹುದಾ?" ಹೆಚ್ಚಿನವಕ್ಕೆ ನಾನು ಬೇಡ ಅಂದಿದ್ದೇನೆ. ಮಾಹಿತಿ ಕೆಟ್ಟದ್ದು ಅಂತಲ್ಲ. ಕೇಳಿದ ರೀತಿಯಲ್ಲಿ ಅದು ಏನು, ಯಾರದ್ದು, ಯಾಕೆ ಅಂತಲೇ ಗೊತ್ತಾಗುವುದಿಲ್ಲ.

ಹೋದ ವರ್ಷ ಒಬ್ಬ ಹುಡುಗ ಕೊಳೆ ರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣ ಮಾಡುವ ಬಗ್ಗೆ ಎರಡು ಪುಟದ ಪಿಡಿಎಫ್ ಮಾಡಿದ್ದ. ಆತನಿಗೆ ಪೇಟೆಯಲ್ಲಿ ಗೊಬ್ಬರ, ಮೈಲುತುತ್ತದ ಅಂಗಡಿಯೂ ಇದೆ. ಮೊದಲ ಸಲ ಕೇಳಿದಾಗ ಬೇಡ ಅಂದೆ. ಎರಡನೇ ಸಲ ಕೇಳಿದಾಗ ಹತ್ತು ನಿಮಿಷದಲ್ಲಿ ಹೂಂ ಅಂದೆ. ಎರಡೂ ಸಲ ಪುಟಗಳಲ್ಲಿದ್ದ ವಿಷಯ ಅದೇ. ಅದನ್ನೇ ಹಿಡಿದು ಹೇಳುತ್ತೇನೆ.

ಮೊದಲ ಕೆಲಸ, ಫೈಲನ್ನು ಶುಚಿ ಮಾಡಿ. ಪ್ರತಿ ಪುಟದ ಅಡಿಗೆ ಅಂಗಡಿ ಹೆಸರು, ಫೋನ್ ನಂಬರ್ ಇದ್ದರೆ ತೆಗೆಯಿರಿ. ಬರೆದವರ ಹೆಸರು ಕೊನೆಯಲ್ಲಿ ಒಂದು ಸಲ ಇದ್ದರೆ ಸಾಕು. ಫೋಟೋ ತೆಗೆದು ಪಿಡಿಎಫ್ ಮಾಡುವ ಕೆಲವು ಪುಕ್ಕಟೆ ಆ್ಯಪ್‌ಗಳು ತಮ್ಮದೇ ಜಾಹೀರಾತನ್ನು ಪುಟದ ಮೂಲೆಗೆ ಒತ್ತಿಬಿಡುತ್ತವೆ. ಅಂಥವನ್ನು ಬಿಟ್ಟುಬಿಡಿ.

ಎರಡನೆಯದು, ಒಬ್ಬ ಅಡ್ಮಿನ್‌ಗೆ ಮಾತ್ರ ಬರೆಯಿರಿ. ಗ್ರೂಪಲ್ಲಿ ದಿನವೂ ಮಾತಾಡುವವರು ಯಾರೋ ಅವರಿಗೆ. ಮೂವರಿಗೂ ಒಂದೇ ಮೆಸೇಜ್ ಕಳಿಸಿದರೆ ಮೂವರೂ "ಇನ್ನೊಬ್ಬರು ನೋಡ್ತಾರೆ" ಅಂತ ಸುಮ್ನೆ ಇರುತ್ತೇವೆ. ಗ್ರೂಪಿಗೆ ಹಾಕಿಬಿಟ್ಟು ಆಮೇಲೆ "ತಪ್ಪಿದ್ದರೆ ಡಿಲೀಟ್ ಮಾಡಿ" ಅನ್ನುವವರಿಗಂತೂ ನಾನು ಉತ್ತರವನ್ನೇ ಕೊಡುವುದಿಲ್ಲ.

ಈಗ ಮೆಸೇಜ್. ಎಲ್ಲರೂ ಎಡವುವುದು ಇಲ್ಲೇ. ಹುಡುಗನ ಮೊದಲ ಮೆಸೇಜ್ ಹೀಗಿತ್ತು:

"ನಮಸ್ಕಾರ ಸರ್, ನಿಮ್ಮ ಗ್ರೂಪ್ ತುಂಬಾ ಚೆನ್ನಾಗಿದೆ. ರೈತರಿಗೆ ತುಂಬಾ ಅನುಕೂಲವಾಗುವ ಮಾಹಿತಿ ನಮ್ಮಲ್ಲಿದೆ. ಸಂಪೂರ್ಣ ಉಚಿತ. ದಯವಿಟ್ಟು ಈ ಲಿಂಕ್ ಗ್ರೂಪಲ್ಲಿ ಹಾಕಲು ಅವಕಾಶ ಕೊಡಿ."

ಮೊದಲ ಸಾಲಿನ ಹೊಗಳಿಕೆ ಓದುತ್ತಿದ್ದಂತೆ ಇವನು ಏನೋ ಮಾರಲು ಬಂದಿದ್ದಾನೆ ಅನ್ನಿಸಿತು. "ಸಂಪೂರ್ಣ ಉಚಿತ" ಅಂದಾಗ ಅದು ಇನ್ನೂ ಗಟ್ಟಿಯಾಯಿತು. "ನಮ್ಮಲ್ಲಿದೆ" ಅಂದರೆ ಯಾರಲ್ಲಿ? ಕೊನೆಗೊಂದು ಗಿಡ್ಡ ಮಾಡಿದ ಲಿಂಕ್. ಒತ್ತಿದರೆ ಎಲ್ಲಿಗೆ ಹೋಗುತ್ತದೋ ಅದನ್ನು ನೋಡಿ ಹೇಳುವ ಹಾಗಿಲ್ಲ. ಸರ್ಕಾರದ ಯೋಜನೆ ಅಂತ ಎಪಿಕೆ ಫೈಲ್ ಕಳಿಸಿ ಮೊಬೈಲನ್ನೇ ಕೈವಶ ಮಾಡಿಕೊಳ್ಳುವ ಕಾಲ ಇದು. ಗೊತ್ತಿಲ್ಲದ ಲಿಂಕನ್ನು ನಾನು ಒತ್ತುವುದಿಲ್ಲ, ನೀವೂ ಕಳಿಸಬೇಡಿ. ಪಿಡಿಎಫ್ ಇದ್ದರೆ ಪಿಡಿಎಫನ್ನೇ ಮೆಸೇಜ್ ಜೊತೆ ಕೊಡಿ. ಡ್ರೈವ್ ಲಿಂಕೇ ಕೊಡಬೇಕಾದರೆ, ತೆರೆದವರಿಗೆಲ್ಲ ಪರ್ಮಿಶನ್ ಕೇಳುತ್ತದೋ ಇಲ್ಲವೋ ಅಂತ ಬೇರೆಯವರ ಫೋನಿನಲ್ಲಿ ಒಮ್ಮೆ ನೋಡಿ. ಹೆಸರು, ನಂಬರ್ ತುಂಬಿದ ಮೇಲೆ ಮಾತ್ರ ತೆರೆಯುವ ಫಾರ್ಮ್ ಆದರೆ ಕೇಳುವುದೇ ಬೇಡ. ಅದು ನಂಬರ್ ಕೂಡಿಹಾಕುವ ಕೆಲಸ.

ಬೇಡ ಅಂದ ಮೇಲೆ ಆತ ಫೋನ್ ಮಾಡಿ ಕಾರಣ ಕೇಳಿದ. ಹೇಳಿದೆ. ಮರುದಿನ ಬಂದ ಮೆಸೇಜ್ ಇದು:

"ನಮಸ್ಕಾರ ಸರ್. ನಾನು ಗ್ರೂಪಿಗೆ ಸೇರಿ ಎಂಟು ತಿಂಗಳಾಯಿತು. ಪೇಟೆಯಲ್ಲಿ ಗೊಬ್ಬರದ ಅಂಗಡಿ ಇದೆ, ಮೈಲುತುತ್ತವನ್ನೂ ಮಾರುತ್ತೇನೆ. ಹೋದ ವಾರ ಗ್ರೂಪಲ್ಲಿ ಒಬ್ಬರು ಸುಣ್ಣ ಎಷ್ಟು ಹಾಕಬೇಕು ಅಂತ ಕೇಳಿದ್ದರು, ನಾಲ್ಕು ಜನ ನಾಲ್ಕು ಲೆಕ್ಕ ಹೇಳಿದರು. ಅದಕ್ಕೆ ಎರಡು ಪುಟದಲ್ಲಿ ಬರೆದಿದ್ದೇನೆ: ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ಎರಡನ್ನೂ ಬೇರೆ ಬೇರೆ ಕರಗಿಸುವ ಕ್ರಮ, ಕೊನೆಗೆ ಕತ್ತಿ ಅದ್ದಿ ನೋಡುವ ಪರೀಕ್ಷೆ. ಅಂಗಡಿ ಹೆಸರು, ನಂಬರ್, ರೇಟು ಯಾವುದೂ ಅದರಲ್ಲಿಲ್ಲ. ಪಿಡಿಎಫ್ ಇಲ್ಲೇ ಇದೆ, ನೋಡಿ. ಸರಿ ಅನ್ನಿಸಿದರೆ ಒಂದೇ ಸಲ ಹಾಕುತ್ತೇನೆ, ಅಥವಾ ನೀವೇ ಹಾಕಿ. ರೇಟು ಕೇಳಿದವರಿಗೆ ಗ್ರೂಪಲ್ಲಿ ಉತ್ತರಿಸುವುದಿಲ್ಲ. ಬೇಡ ಅಂದರೂ ಪರವಾಗಿಲ್ಲ."

ಇಲ್ಲಿ ಜಾಸ್ತಿ ಕೆಲಸ ಮಾಡಿದ್ದು "ಮೈಲುತುತ್ತವನ್ನೂ ಮಾರುತ್ತೇನೆ" ಅನ್ನುವ ಮಾತು. ಮೈಲುತುತ್ತ ಮಾರುವವನು ಮೈಲುತುತ್ತದ ಬಗ್ಗೆ ಬರೆದಿದ್ದಾನೆ. ಅದನ್ನು ಮುಚ್ಚಿಟ್ಟು, ಆಮೇಲೆ ಸದಸ್ಯರೊಬ್ಬರು "ಇದು ಇಂಥ ಅಂಗಡಿಯವರದ್ದಲ್ವಾ?" ಅಂದರೆ ಅಲ್ಲಿಗೆ ಮುಗಿಯಿತು. ಪುಟದಲ್ಲಿರುವ ಸರಿ ವಿಷಯವೂ ಜಾಹೀರಾತಾಗಿಬಿಡುತ್ತದೆ, ಬೈಗುಳ ಅಡ್ಮಿನ್‌ಗೆ. ನಿಮಗೆ ಇದರಿಂದ ಲಾಭ ಆಗುವ ದಾರಿ ಇದ್ದರೆ ನೀವೇ ಹೇಳಿಬಿಡಿ, ಅದೂ ಮೊದಲ ಮೂರು ಸಾಲಿನೊಳಗೆ. ಕೊನೆಗೆ ಹೇಳಿದರೆ ಸಿಕ್ಕಿಬಿದ್ದು ಒಪ್ಪಿಕೊಂಡ ಹಾಗಿರುತ್ತದೆ. "ನನಗೆ ಇದರಲ್ಲಿ ಯಾವ ಸ್ವಾರ್ಥವೂ ಇಲ್ಲ" ಅನ್ನುವ ವಾಕ್ಯ ಮಾತ್ರ ಬೇಡ. ನಮ್ಮೂರಲ್ಲಿ ಅದನ್ನು ಯಾರೂ ನಂಬುವುದಿಲ್ಲ.

ಇನ್ನೊಂದು, ಆತ ಗ್ರೂಪಲ್ಲೇ ಎದ್ದ ಪ್ರಶ್ನೆಯನ್ನು ಹಿಡಿದ. "ರೈತರಿಗೆ ಅನುಕೂಲ" ಅಂದರೆ ನನಗೆ ಏನೂ ಕಾಣುವುದಿಲ್ಲ. "ಸುಣ್ಣ ಎಷ್ಟು ಅಂತ ಕೇಳಿದ್ದರು" ಅಂದರೆ ಕೇಳಿದವರು ಯಾರು ಅಂತ ನನಗೆ ತಕ್ಷಣ ನೆನಪಾಗುತ್ತದೆ. ಒಳಗೆ ಏನಿದೆ ಅನ್ನುವುದನ್ನೂ ಅಳತೆ ಸಮೇತ ಬರೆದಿದ್ದರಿಂದ ಫೈಲ್ ತೆರೆಯುವ ಮುಂಚೆಯೇ ಅರ್ಧ ಪರೀಕ್ಷೆ ಆಯಿತು. ಹೊಳೆಯುವ ಕಬ್ಬಿಣದ ಕತ್ತಿಯನ್ನು ದ್ರಾವಣದಲ್ಲಿ ಸ್ವಲ್ಪ ಹೊತ್ತು ಅದ್ದಿದಾಗ ತಾಮ್ರದ ಕೆಂಪು ಕಟ್ಟಿದರೆ ಸುಣ್ಣ ಸಾಲದು ಅಂತ ಅರ್ಥ, ಇನ್ನಷ್ಟು ಸುಣ್ಣದ ನೀರು ಹಾಕಬೇಕು. ಆ ಮಾತು ಪಿಡಿಎಫಿನಲ್ಲಿ ಸರಿಯಾಗಿತ್ತು. ಲೋಹದ ಪಾತ್ರೆ ಬೇಡ, ಪ್ಲಾಸ್ಟಿಕ್ ಡ್ರಮ್ ಇರಲಿ, ಕಲಸಿದ ದಿನವೇ ಹೊಡೆದು ಮುಗಿಸಿ ಅಂತಲೂ ಇತ್ತು. ಆದರೆ ಯಾವ ಕಂಪನಿಯ ಮೈಲುತುತ್ತ ಒಳ್ಳೆಯದು ಅನ್ನುವ ಒಂದು ಸಾಲು ಉಳಿದುಕೊಂಡಿತ್ತು. ತೆಗೆಸಿದೆ. ಹೀಗೆ ಅಡ್ಮಿನ್ ತಿದ್ದಲು ಹೇಳಿದರೆ ವಾದ ಮಾಡಬೇಡಿ.

ಉದ್ದ ಎಷ್ಟಿರಬೇಕು? ಮೊಬೈಲಿನ ಒಂದು ಪರದೆ. ಸ್ಕ್ರೋಲ್ ಮಾಡಬೇಕಾಗಿ ಬಂದರೆ ಕತ್ತರಿಸಿ. ವಾಯ್ಸ್ ಮೆಸೇಜ್ ಬೇಡವೇ ಬೇಡ. ನಾನು ಅದನ್ನು ಇನ್ನಿಬ್ಬರು ಅಡ್ಮಿನ್‌ಗಳಿಗೆ ತೋರಿಸಬೇಕಾದರೆ ಅವರೂ ಮೂರು ನಿಮಿಷ ಕೇಳಬೇಕು.

ಕಳಿಸಿದ ಮೇಲೆ ಎರಡು ದಿನ ಕಾಯಿರಿ. ನೀಲಿ ಗೆರೆ ಬಂತು, ಉತ್ತರ ಇಲ್ಲ ಅಂತ ಗಂಟೆಗೊಮ್ಮೆ ಪ್ರಶ್ನಾರ್ಥಕ ಚಿಹ್ನೆ ಒತ್ತಬೇಡಿ. ಮೂರನೇ ದಿನ ಒಂದು ಸಲ ನೆನಪಿಸಿ. ಆಗಲೂ ಉತ್ತರ ಇಲ್ಲದಿದ್ದರೆ ಅದೇ ಉತ್ತರ.

ಒಪ್ಪಿಗೆ ಸಿಕ್ಕರೆ, ಅಡ್ಮಿನ್ ನೋಡಿದ ಅದೇ ಫೈಲನ್ನು ಹಾಕಿ. ಬೇರೆ ಗ್ರೂಪಿನಿಂದ ಫಾರ್ವರ್ಡ್ ಮಾಡಬೇಡಿ. ಮೇಲೆ 'ಫಾರ್ವರ್ಡೆಡ್' ಅಂತ ಬಂದರೆ ಯಾರೋ ಎಲ್ಲೆಡೆ ಹಂಚುತ್ತಿರುವ ಸರಕು ಅನ್ನಿಸುತ್ತದೆ. ಜೊತೆಗೆ ಒಂದು ಸಾಲು ಬರೆಯಿರಿ, ನಿಮ್ಮ ಅಂಗಡಿಯ ವಿಷಯ ಅಲ್ಲೂ ಇರಲಿ. ಅಡ್ಮಿನ್‌ಗೆ ಹೇಳಿದ್ದು ಸದಸ್ಯರಿಗೂ ಗೊತ್ತಿರಬೇಕಲ್ಲ.

ಹುಡುಗ ಪಿಡಿಎಫ್ ಹಾಕಿದ ಸಂಜೆಯೇ ಒಬ್ಬರು ಕೇಳಿದರು, "ತಮ್ಮಾ, ನಿನ್ನಲ್ಲಿ ಮೈಲುತುತ್ತ ಕಿಲೋಗೆ ಎಷ್ಟು?" ನಾನು ಫೋನ್ ಹಿಡಿದು ನೋಡುತ್ತಲೇ ಇದ್ದೆ. ಆತ ಬರೆದ: "ಅಣ್ಣಾ, ರೇಟಿನ ಮಾತು ಇಲ್ಲಿ ಬೇಡ. ನಿಮ್ಮ ಮನೆಯಲ್ಲಿರುವುದು ಹಳೇ ಸುಣ್ಣವಾ, ಹೊಸದಾ? ಹಳೆಯದಾದರೆ ಒಂದು ಕಿಲೋ ಸಾಲದೆ ಇರಬಹುದು, ಕತ್ತಿ ಅದ್ದಿ ನೋಡಿ."