ಗ್ಯಾಲರಿಯಲ್ಲಿ ಒಂದೇ ಮನೆ

ನನ್ನದು ಮನೆ, ಕಚೇರಿಗಳ ಒಳಾಂಗಣ ಛಾಯಾಗ್ರಹಣ. ಮೊದಲ ಆರೇಳು ವರ್ಷ ಕೆಲಸವೆಲ್ಲ ಮಧ್ಯವರ್ತಿಗಳ ಮೂಲಕವೇ ಬರುತ್ತಿತ್ತು. ಗ್ರಾಹಕರು ಕೊಟ್ಟ ಹಣದಲ್ಲಿ ಹೆಚ್ಚುಕಡಿಮೆ ಮೂರನೇ ಒಂದು ಪಾಲು ಅವರಿಗೆ ಹೋಗುತ್ತಿತ್ತು, ಉಳಿದದ್ದು ಕೈಸೇರಲು ಎರಡು ತಿಂಗಳು ಹಿಡಿಯುತ್ತಿತ್ತು. ಈಗ ಹತ್ತರಲ್ಲಿ ಎಂಟು ಕೆಲಸ ನೇರವಾಗಿ ಬರುತ್ತವೆ. ಜಾಲತಾಣದ ಗ್ಯಾಲರಿಯನ್ನು ಕಿತ್ತುಹಾಕಿ ಒಂದೇ ಮನೆಯ ಚಿತ್ರಗಳನ್ನು ಇಡುತ್ತೇನೆ ಎಂದಾಗ, "ನಿನಗೆ ಸಿಕ್ಕಿದ್ದು ಒಂದೇ ಕೆಲಸ ಎಂದುಕೊಳ್ಳುತ್ತಾರೆ" ಎಂದು ಜೊತೆಗಾರರು ಎಚ್ಚರಿಸಿದ್ದರು. ಅವರಲ್ಲಿ ಇಬ್ಬರು ಈಗ ಅದೇ ದಾರಿಗೆ ಬಂದಿದ್ದಾರೆ.

ಹಳೆಯ ಗ್ಯಾಲರಿಯಲ್ಲಿ 200ಕ್ಕೂ ಹೆಚ್ಚು ಚಿತ್ರಗಳಿದ್ದವು. ಮಕ್ಕಳು, ಸಮಾರಂಭ, ಸರಕು, ಕಟ್ಟಡ ಎಲ್ಲವೂ ಬೆರೆತಿದ್ದವು. ವಿಚಾರಣೆಗೇನೂ ಕೊರತೆ ಇರಲಿಲ್ಲ, ಆದರೆ ಬಹುಪಾಲು ಅಗ್ಗದ ಕೆಲಸ ಹುಡುಕುವವರದು. ಗ್ಯಾಲರಿಯಲ್ಲಿ ಏನು ಕೊರತೆ ಎಂದು ಒಬ್ಬ ವಾಸ್ತುಶಿಲ್ಪಿಯನ್ನು ನೇರವಾಗಿ ಕೇಳಿದೆ. ಅವರ ಉತ್ತರ ನನ್ನ ಕಣ್ಣು ತೆರೆಸಿತು: "ನಿಮ್ಮ ಒಂದೊಂದು ಚಿತ್ರವೂ ಚೆನ್ನಾಗಿದೆ. ಆದರೆ ನನ್ನ ಕಟ್ಟಡದ ಇಕ್ಕಟ್ಟಾದ ಸ್ನಾನದ ಮನೆಯನ್ನೂ ಕತ್ತಲೆಯ ಮೆಟ್ಟಿಲನ್ನೂ ಹೇಗೆ ತೆಗೆಯುತ್ತೀರಿ ಎಂಬುದು ಇದರಲ್ಲಿ ಕಾಣುವುದಿಲ್ಲ."

ಆಮೇಲೆ ಒಂದು ಮಧ್ಯಮ ಗಾತ್ರದ ಮನೆಯ ಒಂದು ದಿನದ ಕೆಲಸವನ್ನು ಇಡಿಯಾಗಿ ಇಟ್ಟೆ. ಒಟ್ಟು 14 ಚಿತ್ರಗಳು, ಬಾಗಿಲಿನಿಂದ ಒಳಗೆ ನಡೆದುಹೋದ ಕ್ರಮದಲ್ಲಿಯೇ. ಅಡುಗೆಮನೆಯಲ್ಲಿ ಕಿಟಕಿಯ ನೀಲಿ ಬೆಳಕೂ ದೀಪದ ಹಳದಿ ಬೆಳಕೂ ಒಂದೇ ಗೋಡೆಯ ಮೇಲೆ ಬೀಳುತ್ತಿದ್ದವು. ದೀಪ ಆರಿಸಿ ಒಂದು, ಹಚ್ಚಿ ಒಂದು ಎಂದು ತೆಗೆದು ಜೋಡಿಸಿದ್ದನ್ನು ಚಿತ್ರದ ಕೆಳಗೆ ಎರಡು ಸಾಲಿನಲ್ಲಿ ಬರೆದೆ. ಯಾವುದರ ಮೇಲೆ ಯಾವುದನ್ನು ಎಷ್ಟು ಬೆರೆಸುತ್ತೇನೆ ಎಂಬುದನ್ನು ಅಲ್ಲಿ ಬರೆದಿಲ್ಲ, ಇಲ್ಲಿಯೂ ಬರೆಯುವುದಿಲ್ಲ. ಮೊದಲು 14 ಎಂಎಂ ಲೆನ್ಸಿನಲ್ಲಿ ತೆಗೆದು ಕೋಣೆ ದೊಡ್ಡದಾಗಿ ಕಾಣುವಂತೆ ಮಾಡುತ್ತಿದ್ದೆ. ಅಂಚಿನ ಕುರ್ಚಿ ಜಗ್ಗಿದಂತಾಗುತ್ತಿತ್ತು, ವಿನ್ಯಾಸಕಾರರಿಗೆ ಅದು ಮೊದಲ ನೋಟಕ್ಕೇ ತಿಳಿಯುತ್ತದೆ. ಈಗ 24 ಎಂಎಂ ಟಿಲ್ಟ್-ಶಿಫ್ಟ್ ಲೆನ್ಸಿನಲ್ಲಿ, ಕ್ಯಾಮೆರಾವನ್ನು ಎದೆಮಟ್ಟದಲ್ಲಿಟ್ಟು ತೆಗೆಯುತ್ತೇನೆ. ಗೋಡೆಗಳು ನೆಟ್ಟಗೆ ನಿಲ್ಲುತ್ತವೆ.

ಮೊದಲ ತಿಂಗಳು ಒಂದು ಕರೆಯೂ ಬರಲಿಲ್ಲ. ಕಾರಣ ಎರಡು. ಒಂದೊಂದು ಕಡತವೂ 6 ಎಂಬಿಯಷ್ಟಿತ್ತು, ಮೊಬೈಲಿನಲ್ಲಿ ತೆರೆದವರು ಕಾಯದೆ ಹೊರಟುಹೋಗುತ್ತಿದ್ದರು. ಜೊತೆಗೆ ಅಡೋಬಿ ಆರ್‌ಜಿಬಿ ಬಣ್ಣವ್ಯಾಪ್ತಿಯಲ್ಲಿದ್ದ ಚಿತ್ರಗಳನ್ನು ಬಣ್ಣದ ಪ್ರೊಫೈಲ್ ಇಲ್ಲದೆ ಏರಿಸಿದ್ದರಿಂದ ಮರದ ಬಣ್ಣ ಸಪ್ಪೆಯಾಗಿ ಕಾಣುತ್ತಿತ್ತು. ಜಾಲತಾಣಗಳಿಗೆ ಹೊಂದುವ ಎಸ್‌ಆರ್‌ಜಿಬಿಗೆ ಬದಲಿಸಿ, ಉದ್ದದ ಬದಿ 2000 ಪಿಕ್ಸೆಲ್‌ಗೆ ಇಳಿಸಿದೆ. ಪ್ರತಿ ಕಡತ 400 ಕೆಬಿಯ ಆಸುಪಾಸಿಗೆ ಬಂತು. ಎರಡನೇ ತಿಂಗಳಲ್ಲಿ ಮೂರು ಕೆಲಸ ಕುದುರಿದವು.

ನಡುವೆ 40 ಸೆಕೆಂಡಿನ ನಡಿಗೆಯ ವಿಡಿಯೊ ಸೇರಿಸಿ ನೋಡಿದೆ. ದೀಪಗಳು ಮಿಣುಕಿ ಪಟ್ಟೆ ಬಿದ್ದಿದ್ದವು. 50 ಹರ್ಟ್ಸ್ ವಿದ್ಯುತ್ತಿಗೆ ಶಟರನ್ನು 1/50 ಸೆಕೆಂಡಿಗೆ ಇಟ್ಟ ಮೇಲೆ ಸರಿಹೋಯಿತು. ವಿಡಿಯೊದಿಂದ ಕೆಲಸ ಹೆಚ್ಚಲಿಲ್ಲ, ಆದರೆ ಗ್ರಾಹಕರು ಅದನ್ನು ಪ್ರತ್ಯೇಕವಾಗಿ ಕೇಳತೊಡಗಿದರು.

ಸಲಕರಣೆಗಳ ಪುಟದಲ್ಲಿ ಹಿಂದೆ ಕ್ಯಾಮೆರಾ, ಲೆನ್ಸುಗಳ ಹೆಸರುಗಳ ಉದ್ದನೆಯ ಪಟ್ಟಿ ಇತ್ತು. ಅದನ್ನು ಓದಿ ಬಂದವರೆಲ್ಲ ಲೆನ್ಸ್ ಬಾಡಿಗೆಗೆ ಸಿಗುವುದೇ ಎಂದು ಕೇಳುವ ಛಾಯಾಗ್ರಾಹಕರು. ಅಳಿಸಿ ನಾಲ್ಕು ವಾಕ್ಯ ಉಳಿಸಿದೆ: ಚಿತ್ರಗಳು ಏಕಕಾಲಕ್ಕೆ ಎರಡು ಕಾರ್ಡುಗಳಲ್ಲಿ ದಾಖಲಾಗುತ್ತವೆ, ಕ್ಯಾಮೆರಾ ಕೆಟ್ಟರೆ ಇನ್ನೊಂದು ಜೊತೆಗಿರುತ್ತದೆ, ಗೋಡೆಗಳು ವಾಲುವುದಿಲ್ಲ, ದೀಪಗಳನ್ನು ನಾನೇ ತರುತ್ತೇನೆ.

ಕಾಯ್ದಿರಿಸುವಿಕೆಯಲ್ಲಿ ಕಲಿತದ್ದು ನಷ್ಟದಿಂದ. ಒಮ್ಮೆ ಗ್ರಾಹಕರೊಬ್ಬರು ಚಿತ್ರೀಕರಣದ ಹಿಂದಿನ ರಾತ್ರಿ ಕರೆ ಮಾಡಿ ಗೋಡೆಯ ಬಣ್ಣ ಒಣಗಿಲ್ಲ ಎಂದರು. ಆ ದಿನದ ಸಂಪಾದನೆಯೂ ಹೋಯಿತು, ಅದಕ್ಕಾಗಿ ಬಿಟ್ಟ ಇನ್ನೊಂದು ಕೆಲಸವೂ ಹೋಯಿತು. ಈಗ ದಿನಾಂಕವನ್ನು ಎರಡು ದಿನ ಮಾತ್ರ ಹಿಡಿದಿಡುತ್ತೇನೆ, 40% ಮುಂಗಡ ಬಂದ ಮೇಲೆಯೇ ಅದು ಖಾತ್ರಿ. ಮೂರು ದಿನ ಮೊದಲೇ ತಿಳಿಸಿದರೆ ಒಂದು ಬಾರಿ ಉಚಿತವಾಗಿ ಮುಂದೂಡುತ್ತೇನೆ. ದಿನದ ಕನಿಷ್ಠ ಶುಲ್ಕವನ್ನೂ ಪುಟದಲ್ಲೇ ಬರೆದೆ. ವಿಚಾರಣೆ ಅರ್ಧಕ್ಕೆ ಇಳಿಯಿತು, ಆದರೆ ಬಂದವರಲ್ಲಿ ಮೂವರಿಗೊಬ್ಬರಾದರೂ ಮುಂಗಡ ಕಟ್ಟುತ್ತಾರೆ. ಹಿಂದೆ ಹತ್ತರಲ್ಲಿ ಒಬ್ಬರೂ ಕಟ್ಟುತ್ತಿರಲಿಲ್ಲ.

ಅದೇ ಪುಟದಲ್ಲಿ ಇನ್ನೊಂದು ಸಾಲಿದೆ: ಪೀಠೋಪಕರಣ ಮಾಡಿದವರೋ ಗುತ್ತಿಗೆದಾರರೋ ಅದೇ ಚಿತ್ರಗಳನ್ನು ಬಳಸಬೇಕಾದರೆ, ಚಿತ್ರೀಕರಣಕ್ಕೆ ಮುಂಚೆಯೇ ಸೇರಿಕೊಂಡು ಪ್ರತ್ಯೇಕ ಪರವಾನಗಿ ಪಡೆಯಬಹುದು. ಹಾಗೆ ಸೇರಿದವರು ಮೂಲ ಶುಲ್ಕದ 40% ಕೊಡುತ್ತಾರೆ. ಅದರಲ್ಲಿ ಒಂದು ಪಾಲನ್ನು ಕೆಲಸ ಕೊಟ್ಟ ವಾಸ್ತುಶಿಲ್ಪಿಯ ಲೆಕ್ಕದಲ್ಲಿ ಕಡಿತ ಮಾಡುತ್ತೇನೆ, ಹಾಗಾಗಿ ಉಳಿದವರನ್ನು ಅವರೇ ಕರೆತರುತ್ತಾರೆ. ಕಳೆದ ಬಾರಿಯ ಕಚೇರಿ ಚಿತ್ರೀಕರಣಕ್ಕೆ ಹೀಗೆ ಮೂವರು ಸೇರಿದ್ದರು. ಒಂದೇ ದಿನದ ಕೆಲಸಕ್ಕೆ ಒಂದೂವರೆ ದಿನದ ಹಣ ಬಂತು.