ದುಂಡು ಮುಖಕ್ಕೆ ಕನ್ನಡಕದ ಫ್ರೇಮ್ ಆರಿಸುವುದು ಹೇಗೆ?

ನನ್ನ ಅತ್ತಿಗೆ ಬದಿಯಡ್ಕ ಹತ್ತಿರದ ಶಾಲೆಯಲ್ಲಿ ಕನ್ನಡ ಟೀಚರ್. ದುಂಡು ಮುಖ, ಮೈನಸ್ ನಾಲ್ಕೂವರೆ ಪವರ್. ಹೋದ ವರ್ಷ ಎಲ್ಲರೂ ಹಾಕುತ್ತಾರೆಂದು ದೊಡ್ಡ ದುಂಡು ಕಪ್ಪು ಫ್ರೇಮ್ ತಂದರು. ಮುಖ ಇನ್ನೂ ದುಂಡಾಗಿ ಕಂಡಿತು, ನಕ್ಕರೆ ಕೆನ್ನೆ ತಾಗಿ ಕನ್ನಡಕ ಮೇಲೇಳುತ್ತಿತ್ತು. ಈ ಸಲ ನಾನೂ ಜೊತೆಗೆ ಹೋಗಿದ್ದೆ.

ಮೊದಲು ಕೂದಲು ಹಿಂದಕ್ಕೆ ಕಟ್ಟಿ ಕನ್ನಡಿ ನೋಡಿ. ಮುಖದ ಅಗಲ, ಉದ್ದ ಹೆಚ್ಚುಕಮ್ಮಿ ಒಂದೇ ಇದ್ದು ಗದ್ದದಲ್ಲಿ ಮೂಲೆ ಕಾಣದಿದ್ದರೆ ಅದು ದುಂಡು ಮುಖ. ಇದಕ್ಕೆ ಎತ್ತರಕ್ಕಿಂತ ಅಗಲ ಜಾಸ್ತಿ ಇರುವ, ಮೇಲಿನ ಮೂಲೆ ಸ್ವಲ್ಪ ಚೂಪಾದ ಫ್ರೇಮ್ ಒಪ್ಪುತ್ತದೆ. ಚೌಕ ದವಡೆಯವರಿಗೆ ಇದರ ಉಲ್ಟಾ, ಅಂಚು ಬಾಗಿದ್ದೇ ಚಂದ.

ಆಮೇಲೆ ಅಳತೆ. ಇದನ್ನು ಹೆಚ್ಚಿನವರು ನೋಡುವುದೇ ಇಲ್ಲ! ಕಡ್ಡಿಯ ಒಳಮೈಯಲ್ಲಿ 54□18-140 ಎಂಬ ಹಾಗೆ ಬರೆದಿರುತ್ತದೆ. 54 ಒಂದು ಗಾಜಿನ ಅಗಲ, 18 ಮೂಗಿನ ಮೇಲಿನ ಅಂತರ, 140 ಕಡ್ಡಿಯ ಉದ್ದ, ಎಲ್ಲವೂ ಮಿಲಿಮೀಟರ್‌ನಲ್ಲಿ. ಅತ್ತಿಗೆಯ ಹಳೇ ಫ್ರೇಮ್ ಇದೇ. 54ಕ್ಕೆ 18 ಕೂಡಿಸಿದರೆ 72, ಆದರೆ ಅವರ ಎರಡು ಕಣ್ಣಿನ ಪಾಪೆಗಳ ನಡುವೆ ಇರುವುದು 62 ಮಾತ್ರ. ಅಂದರೆ ಒಂದೊಂದು ಕಣ್ಣೂ ಗಾಜಿನ ನಡುವಿನಿಂದ 5 ಮಿಲಿಮೀಟರ್ ಮೂಗಿನ ಕಡೆಗೆ ಸರಿದಿತ್ತು. ಮೈನಸ್ ಗಾಜು ಅಂಚಿಗೆ ಹೋದಷ್ಟೂ ದಪ್ಪ, ಹಾಗಾಗಿ ಕಿವಿ ಕಡೆಯ ಅಂಚು ದಪ್ಪವಾಗಿ ಎದ್ದು ಕಾಣುತ್ತಿತ್ತು. ಹೊಸತು 49□17. ಕೂಡಿಸಿದರೆ 66, ಸರಿಯುವುದು ಬರೀ 2. ಗಾಜೂ ತೆಳು, ತೂಕವೂ ಕಮ್ಮಿ. ಸಣ್ಣದೆಂದು ಬಿಗಿಯಾದದ್ದನ್ನು ಮಾತ್ರ ತೆಗೆದುಕೊಳ್ಳಬೇಡಿ, ಕಡ್ಡಿ ಕಣತಲೆ ಒತ್ತಿ ಗುರುತು ಮೂಡಿಸಿದರೆ ಅದು ನಿಮ್ಮದಲ್ಲ.

ಹಾಕಿಕೊಂಡು ಜೋರಾಗಿ ನಗಿ, ತಲೆ ಬಗ್ಗಿಸಿ. ಕೆನ್ನೆ ತಾಗಬಾರದು, ಕನ್ನಡಕ ಜಾರಬಾರದು. ನಮ್ಮ ಕರಾವಳಿಯ ಬೆವರಿಗೆ ಚಪ್ಪಟೆ ಮೂಗಿನವರ ಪ್ಲಾಸ್ಟಿಕ್ ಫ್ರೇಮ್ ಜಾರಿಯೇ ಜಾರುತ್ತದೆ, ಅಂಥವರು ಬಗ್ಗಿಸಿ ಸರಿಮಾಡಬಹುದಾದ ಮೂಗಿನ ಪ್ಯಾಡ್ ಇರುವುದನ್ನೇ ಕೇಳಿ.

ಬಣ್ಣಕ್ಕೆ ಮದುವೆ ಸೀರೆ ನೆನೆಯಬೇಡಿ. ವಾರವಿಡೀ ಉಡುವ ಐದು ಬಟ್ಟೆ ಮಂಚದ ಮೇಲೆ ಹರಡಿ. ಅತ್ತಿಗೆಯದು ಹೆಚ್ಚಿನವು ಹತ್ತಿ ಸೀರೆ, ಎರಡು ಕಾಸರಗೋಡು ಕೈಮಗ್ಗದವು. ಸೀರೆಗಳ ಒಡಲಿನ ಬಣ್ಣ ಬೇರೆ ಬೇರೆ, ಅಂಚಿನಲ್ಲಿ ಮಾತ್ರ ಮತ್ತೆ ಮತ್ತೆ ಕಂಡದ್ದು ಕುಂಕುಮ ಕೆಂಪು ಮತ್ತು ಕಂದು. ಕಿವಿಯೋಲೆ ಚಿನ್ನದ್ದು, ಮೈಬಣ್ಣ ಗೋಧಿ. ಕಡು ಕಂದು ಎಲ್ಲಕ್ಕೂ ಹೊಂದಿತು, ಕಪ್ಪಿನಷ್ಟು ಗಡುಸಾಗಿ ಕಾಣಲಿಲ್ಲ. ದಿನಾ ಬಿಳಿ ಅಂಗಿ, ಮುಂಡು ಉಡುವವರಿಗಾದರೆ ಕಪ್ಪೂ ನಡೆಯುತ್ತದೆ, ಕಡು ನೀಲಿ ಇನ್ನೂ ಚಂದ.

ಅಂಗಡಿಯ ದೀಪದ ಬೆಳಕನ್ನು ನಂಬಬೇಡಿ. ನಾವು ಬಾಗಿಲ ಹೊರಗೆ ಬಂದು ಸೀರೆ ಸೆರಗನ್ನು ಕೆನ್ನೆ ಹತ್ತಿರ ಹಿಡಿದು ನೋಡಿದೆವು. ಒಳಗೆ ಕಂದು ಅಂದುಕೊಂಡಿದ್ದ ಒಂದು ಫ್ರೇಮ್ ಬಿಸಿಲಿಗೆ ನೇರಳೆ, ವಾಪಸ್ ಕೊಟ್ಟು ಪಕ್ಕದ್ದನ್ನು ತೆಗೆದುಕೊಂಡೆವು.